11 ಟಿಕೆಟ್ ಮಾರಿದ ವೆಬಿನಾರ್, 14 ಟಿಕೆಟ್ ಮಾರಿದ ವರ್ಕ್‌ಶಾಪ್: ಎರಡರ ಪೂರ್ತಿ ಲೆಕ್ಕ

ನನ್ನ ಫ್ರೆಂಡ್ ಒಬ್ಳು ಸಣ್ಣ ಸಣ್ಣ ಬಿಸಿನೆಸ್‌ನೋರಿಗೆ ಲೆಕ್ಕಪತ್ರ ನೋಡ್ಕೊಡೋ ಕೆಲಸ ಮಾಡ್ತಾಳೆ. ಸ್ಪ್ರೆಡ್‌ಶೀಟ್ ಅಂದ್ರೆ ಅವಳಿಗೆ ನೀರು ಕುಡಿದಷ್ಟು ಸಲೀಸು, ಹಾಗಾಗಿ ಒಂದಿನ ಇದನ್ನೇ ಆನ್‌ಲೈನಲ್ಲಿ ದುಡ್ಡಿಗೆ ಹೇಳ್ಕೊಡೋಣ ಅಂತ ಹೊರಟ್ಳು. ಮೊದಲು ಒಂದು ವೆಬಿನಾರ್, ಆಮೇಲೆ ಒಂದು ದಿನದ ವರ್ಕ್‌ಶಾಪ್, ಎರಡರಲ್ಲೂ ನಾನು ಪಕ್ಕದಲ್ಲೇ ಇದ್ದೆ, ಲಿಂಕ್ ಕಳಿಸೋದು, ಬಂದೋರನ್ನ ಒಳಗೆ ಬಿಡೋದು, ಮೈಕ್ ಕೇಳ್ತಿಲ್ಲ ಅನ್ನೋರಿಗೆ ಸಹಾಯ ಮಾಡೋದು ಎಲ್ಲ ನನ್ನ ಪಾಲಿಗಿತ್ತು. ಏನಾಯ್ತು ಅನ್ನೋದನ್ನ ಲೆಕ್ಕದ ಸಮೇತ ಇಲ್ಲಿ ಬರೀತಿದೀನಿ, ಅವಳ ಒಪ್ಪಿಗೆ ತಗೊಂಡೇ.

ದುಡ್ಡನ್ನ ಯಾವ ಕರೆನ್ಸಿಲೂ ಹೇಳಲ್ಲ. ವೆಬಿನಾರ್ ಟಿಕೆಟ್ 10 ಅಂತ ಇಟ್ಕೊಳ್ಳಿ, ಮಿಕ್ಕ ಸಂಖ್ಯೆಗಳೆಲ್ಲ ಅದೇ ಅಳತೇಲಿ ಇವೆ. ಅವಳ ಮಾಮೂಲಿ ಕೆಲಸಕ್ಕೆ ಕ್ಲೈಂಟ್‌ಗಳಿಂದ ಗಂಟೆಗೆ 20 ಸಿಗತ್ತೆ, ಇದೊಂದು ಸಂಖ್ಯೆ ನೆನಪಲ್ಲಿಟ್ಕೊಂಡ್ರೆ ಸಾಕು, ಮುಂದಿನದೆಲ್ಲ ಅದರ ಪಕ್ಕ ಇಟ್ಟು ನೋಡೋದೇ.

ಮೊದಲನೇ ವೆಬಿನಾರ್ 90 ನಿಮಿಷದ್ದು, ಹೆಸರು "ಸ್ಪ್ರೆಡ್‌ಶೀಟ್: ಬೇಸಿಕ್‌ನಿಂದ ಅಡ್ವಾನ್ಸ್ಡ್‌ವರೆಗೆ". 11 ಟಿಕೆಟ್ ಹೋಯ್ತು, ಬಂದಿದ್ದು 7 ಜನ, ಕೊನೇವರೆಗೂ ಕೂತಿದ್ದು 5 ಜನ. ಒಟ್ಟು ಬಂದಿದ್ದು 110, ಅದರಲ್ಲಿ ಪೇಮೆಂಟ್ ಗೇಟ್‌ವೇ ನೂರಕ್ಕೆ 3ರ ಹಾಗೆ ಹಿಡ್ಕೊಳ್ತು, ಮೀಟಿಂಗ್ ಟೂಲಿನ ಒಂದು ತಿಂಗಳ ಚಂದಾ 20, ಉಳಿದಿದ್ದು 87ರ ಹತ್ರ. ಸ್ಲೈಡ್ ಮಾಡೋದು, ಪೋಸ್ಟ್ ಹಾಕೋದು, ಮೆಸೇಜ್‌ಗಳಿಗೆ ಉತ್ತರ ಕೊಡೋದು ಎಲ್ಲ ಸೇರಿ 16 ಗಂಟೆ ಹಾಕಿದ್ಳು, ಅಂದ್ರೆ ಗಂಟೆಗೆ 5 ಚಿಲ್ಲರೆ. ಬೇಜಾರಾಗಿದ್ದು ಅದಕ್ಕಲ್ಲ, ಕೊನೇಲಿ ಒಬ್ರು ತುಂಬ ಮರ್ಯಾದೆಯಿಂದಾನೇ "ಚೆನ್ನಾಗಿತ್ತು ಮೇಡಂ, ಆದ್ರೆ ನನ್ನ ಶೀಟಿಗೆ ಇದರಲ್ಲಿ ಯಾವುದನ್ನ ಹಾಕ್ಬೇಕು ಅಂತ ಗೊತ್ತಾಗ್ಲಿಲ್ಲ" ಅಂತ ಬರೆದಿದ್ರು, ಅದು ಅವಳಿಗೆ ತುಂಬ ತಾಗ್ತು.

ಆ ಮಾತಲ್ಲೇ ಟಾಪಿಕ್ಕಿನ ತಪ್ಪು ಪೂರ್ತಿ ಇತ್ತು. "ಬೇಸಿಕ್‌ನಿಂದ ಅಡ್ವಾನ್ಸ್ಡ್" ಅಂದ್ರೆ ಏನೂ ಗೊತ್ತಿಲ್ದೋರಿಗೆ ಅದು ಜಾಸ್ತಿ ಆಗತ್ತೆ ಅನ್ನಿಸತ್ತೆ, ಸ್ವಲ್ಪ ಗೊತ್ತಿರೋರಿಗೆ ಕಮ್ಮಿ ಆಗತ್ತೆ ಅನ್ನಿಸತ್ತೆ, ಇದು ನನಗೇ ಅಂತ ಯಾರಿಗೂ ಅನ್ಸಲ್ಲ. ಅದೂ ಅಲ್ದೆ ಆ ಹೆಸರಿನ ಫ್ರೀ ವಿಡಿಯೋಗಳು ಯೂಟ್ಯೂಬಲ್ಲಿ ಹುಡುಕಿದಷ್ಟೂ ಸಿಗತ್ತೆ. ಬರೀ ಮಾಹಿತಿ ಹೇಳ್ತೀನಿ ಅಂದ್ರೆ ಫ್ರೀ ವಿಡಿಯೋ ಜೊತೆ ಪೈಪೋಟಿಗೆ ನಿಂತ ಹಾಗೇನೆ, ಅಲ್ಲಿ 10 ಕೂಡ ದುಬಾರಿನೇ.

ಎರಡನೇ ಸಲ ಟಾಪಿಕ್ಕನ್ನ ತಲೇಲಿ ಯೋಚಿಸಿ ತೆಗೀಲಿಲ್ಲ, ತನ್ನ ಹಳೇ ಮೆಸೇಜ್‌ಗಳಿಂದ ತೆಗೆದ್ಳು. ಹಿಂದಿನ 6 ತಿಂಗಳಲ್ಲಿ ಕ್ಲೈಂಟ್‌ಗಳು, ಪರಿಚಯದೋರು ವಾಟ್ಸಾಪಲ್ಲಿ, ಮೇಲಲ್ಲಿ ಕೇಳಿದ್ದ ಪ್ರಶ್ನೆಗಳನ್ನ ಅವರ ಮಾತಲ್ಲೇ ಒಂದು ಶೀಟಿಗೆ ಹಾಕಿದ್ಳು, ತಿದ್ದದೆ, ಚೆಂದ ಮಾಡದೆ. 43 ಪ್ರಶ್ನೆ ಆಯ್ತು. ಅದರಲ್ಲಿ 17 ಸುತ್ತಿಬಳಸಿ ಒಂದೇ ಪ್ರಶ್ನೆ: ಯಾರ್ಯಾರು ಬಿಲ್ ದುಡ್ಡು ಕೊಡೋದು ಬಾಕಿ ಇದೆ, ಎಷ್ಟು ದಿನದಿಂದ ಬಾಕಿ ಇದೆ, ಮೊದಲು ಯಾರಿಗೆ ಫೋನ್ ಮಾಡ್ಲಿ. ಕೇಳ್ತಿದ್ದೋರು ಯಾರೂ ಸ್ಪ್ರೆಡ್‌ಶೀಟ್ ಕಲೀಬೇಕು ಅಂತ ಕೇಳ್ತಿರಲಿಲ್ಲ, ಅವರಿಗೆ ಬೇಕಾಗಿದ್ದು ಆ ಪಟ್ಟಿ. ಹಾಗಾಗಿ ವರ್ಕ್‌ಶಾಪಿನ ಹೆಸರಲ್ಲಿ ಸ್ಪ್ರೆಡ್‌ಶೀಟ್ ಅನ್ನೋ ಪದಾನೇ ಬರಲಿಲ್ಲ. "ಸಂಜೆ 4 ಗಂಟೆಗೆ ನಿಮ್ಮ ಬಾಕಿ ಬಿಲ್‌ಗಳ ಪಟ್ಟಿ ರೆಡಿ, ಯಾರಿಂದ ಎಷ್ಟು ಬರ್ಬೇಕು, ಎಷ್ಟು ದಿನ ಆಯ್ತು" ಇಷ್ಟೇ. ಕೆಳಗೆ ಒಂದು ಸಾಲು ಇತ್ತು, ಯಾರಿಗೆ ಇದು ಬೇಡ ಅಂತ: ಈಗಾಗ್ಲೇ ಅಕೌಂಟಿಂಗ್ ಸಾಫ್ಟ್‌ವೇರ್ ಬಳಸ್ತಿರೋರಿಗೆ, ತಿಂಗಳಿಗೆ 5ಕ್ಕಿಂತ ಕಮ್ಮಿ ಬಿಲ್ ಮಾಡೋರಿಗೆ. ಈ ಸಾಲು ನೋಡಿ ಇಬ್ರು "ಹಾಗಾದ್ರೆ ನನಗಲ್ಲ" ಅಂತ ಬಿಟ್ರು ನಿಜ, ಆದ್ರೆ ದುಡ್ಡು ಕೊಟ್ಟು ಬಂದೋರಲ್ಲಿ ತಪ್ಪು ಜಾಗಕ್ಕೆ ಬಂದ್ವಿ ಅನ್ನೋರು ಒಬ್ರೂ ಇರ್ಲಿಲ್ಲ.

ಈಗ ಟಿಕೆಟ್ ಬೆಲೆ. ಇಲ್ಲಿ ಅವಳು ಮಾಡಿದ ಒಂದು ಕೆಲಸ ನನಗೆ ತುಂಬ ಹಿಡಿಸ್ತು, ಬೆಲೆಗಿಂತ ಮೊದಲು ಸೀಟ್ ಎಷ್ಟು ಅಂತ ಕಂಡುಹಿಡಿದ್ಳು. ವೆಬಿನಾರಲ್ಲಿ 10 ಜನ ಕೇಳಿದ್ರೂ ಒಂದೇ, 90 ಜನ ಕೇಳಿದ್ರೂ ಒಂದೇ, ಯಾಕಂದ್ರೆ ಅವರು ಕೇಳಿಸ್ಕೊಳ್ತಾ ಇರ್ತಾರೆ. ವರ್ಕ್‌ಶಾಪಲ್ಲಿ ಅವರು ಕೈಯಿಂದ ಕೆಲಸ ಮಾಡ್ತಾರೆ, ಕೆಲಸ ಮಾಡೋರು ಎಲ್ಲಾದ್ರೂ ಸಿಕ್ಕಾಕ್ಕೊಳ್ತಾರೆ, ಸಿಕ್ಕಾಕ್ಕೊಂಡೋರನ್ನ ಬಿಡಿಸೋಕೆ ಟೈಮ್ ಬೇಕು. ಆ ಟೈಮ್ ಎಷ್ಟು ಅಂತ ಗೊತ್ತಾಗ್ದೆ ಸೀಟ್ ಎಷ್ಟು ಅಂತ ಹೇಳೋಕಾಗಲ್ಲ, ಸೀಟ್ ಗೊತ್ತಾಗ್ದೆ ಬೆಲೆ ಹೇಳೋಕಾಗಲ್ಲ.

ಅದಕ್ಕೆ ಪರಿಚಯದ 3 ಜನರನ್ನ ಕೂರಿಸ್ಕೊಂಡು ಫ್ರೀಯಾಗಿ ಒಂದು ಟ್ರಯಲ್ ಮಾಡಿದ್ಳು, ಸ್ಲೈಡ್ ಇಲ್ಲ ಏನಿಲ್ಲ, ಅಭ್ಯಾಸಗಳನ್ನ ಮಾತ್ರ ಒಂದೊಂದಾಗಿ ಮಾಡಿಸ್ತಾ ಹೋದ್ಳು. ನಾನು ಪಕ್ಕದಲ್ಲಿ ಗೀಟು ಹಾಕ್ತಾ ಕೂತಿದ್ದೆ. 3 ಜನ ಸೇರಿ 7 ಸಲ ಸಿಕ್ಕಾಕ್ಕೊಂಡ್ರು, ಒಂದೊಂದನ್ನ ಬಿಡಿಸೋಕೆ ಸರಾಸರಿ 4 ನಿಮಿಷ. ಅಂದ್ರೆ ತಲೆಗೆ 9ರಿಂದ 10 ನಿಮಿಷ ಸಹಾಯ. ದಿನ 10ರಿಂದ 4, ಒಟ್ಟು 360 ನಿಮಿಷ. ಮಧ್ಯಾಹ್ನ ಒಂದು ಗಂಟೆ, ಬೆಳಗ್ಗೆ ಸಂಜೆ ಹದಿನೈದು ಹದಿನೈದು ನಿಮಿಷ ಬಿಡುವು ತೆಗೆದ್ರೆ 270. ಶುರು ಮಾಡೋದು ಮುಗಿಸೋದಕ್ಕೆ 20, ಅವಳು ತೋರಿಸಿ ವಿವರಿಸೋಕೆ 20 ನಿಮಿಷದ 5 ಭಾಗ ಅಂದ್ರೆ 100, ಉಳಿದ 150 ನಿಮಿಷ ಜನ ತಾವೇ ಮಾಡೋಕೆ. ಆ 150ರಲ್ಲಿ ತಲೆಗೆ 10 ನಿಮಿಷ ಅಂದ್ರೆ 15 ಜನ. ಅಲ್ಲಿಗೆ ಸೀಟ್ 15, ಅದಕ್ಕಿಂತ ಒಂದೂ ಜಾಸ್ತಿ ಇಲ್ಲ. ನಾನಿದ್ದೀನಲ್ಲ, 25 ಮಾಡು ಅಂದೆ. "ನೀನು ಮೈಕ್ ಸರಿ ಮಾಡ್ತೀಯ, ಬಾಕಿ ಬಿಲ್ಲಲ್ಲಿ ಅರ್ಧ ದುಡ್ಡು ಬಂದಿದ್ರೆ ಹೇಗೆ ಬರೀಬೇಕು ಅಂತ ಕೇಳಿದ್ರೆ ಏನ್ ಹೇಳ್ತೀಯ?" ಅಂದ್ಳು. ಸರಿಯಾದ ಮಾತೇ.

ಆಮೇಲೆ ಗಂಟೆ ಲೆಕ್ಕ. ತಯಾರಿಗೆ 14, ಆ ದಿನ 6, ಆಮೇಲಿನ ಪ್ರಶ್ನೆಗಳಿಗೆ 4, ಒಟ್ಟು 24 ಗಂಟೆ. ಗಂಟೆಗೆ 20ರ ಹಾಗೆ 480, ಟೂಲಿಗೆ 20, ಒಟ್ಟು 500 ಬಂದ್ರೆ ಮಾಮೂಲಿ ಕೆಲಸ ಬಿಟ್ಟು ಇದಕ್ಕೆ ಕೂತಿದ್ದು ನಷ್ಟ ಇಲ್ಲ. ಇದನ್ನ 15ರಿಂದ ಭಾಗಿಸಬಾರ್ದು, ಎಲ್ಲ ಸೀಟೂ ತುಂಬೋದು ಅಪರೂಪ, ಅವಳು 10ರಿಂದ ಭಾಗಿಸಿದ್ಳು. 50 ಬಂತು. ಗೇಟ್‌ವೇ ಕಟ್ ಮಾಡ್ಕೊಳ್ಳೋದು, ಒಂದೆರಡು ರೀಫಂಡ್ ಎಲ್ಲ ಯೋಚಿಸಿ 60 ಮಾಡಿದ್ಳು, ಮೊದಲ 5 ಸೀಟಿಗೆ 48. ಇಂತಾ ತಾರೀಕಿನೊಳಗೆ ಕಮ್ಮಿ ಬೆಲೆ ಅನ್ನೋದಕ್ಕಿಂತ ಇಷ್ಟು ಸೀಟಿಗೆ ಕಮ್ಮಿ ಬೆಲೆ ಅನ್ನೋದೇ ವಾಸಿ ಅಂತ ನನ್ನ ಅಭಿಪ್ರಾಯ, ಯಾಕಂದ್ರೆ ಕಮ್ಮಿಗೆ ಎಷ್ಟು ಟಿಕೆಟ್ ಹೋಗತ್ತೆ ಅನ್ನೋದು ಮೊದಲೇ ನಮ್ಮ ಕೈಲಿರತ್ತೆ.

10ರಿಂದ 60ಕ್ಕೆ ಹಾರಿದ್ದು ನೋಡಿ ನನಗೆ ಹೆದರಿಕೆ ಆಗಿತ್ತು, ನಿಜ ಹೇಳ್ತೀನಿ, 25 ಇಡು ಅಂತ ಎರಡು ಸಲ ಹೇಳಿದ್ದೆ. 25 ಇಟ್ಟಿದ್ರೆ 15 ಸೀಟ್ ಪೂರ್ತಿ ತುಂಬಿದ್ರೂ 375, ಅಂದ್ರೆ ಹೌಸ್‌ಫುಲ್ ಆದ್ರೂ ನಷ್ಟ. ಇದನ್ನ ಪೇಪರಲ್ಲಿ ಬರೆದು ತೋರಿಸಿದ ಮೇಲೆ ನಾನು ಸುಮ್ನಾದೆ.

ಇನ್ನೊಂದು, ಒಂದು ಸ್ಲೈಡ್ ಕೂಡ ಮಾಡೋಕೆ ಮುಂಚೆ ಟಿಕೆಟ್ ಮಾರೋಕೆ ಶುರು ಮಾಡಿದ್ಳು. 3 ವಾರ ಮುಂಚೆ ಅನೌನ್ಸ್ ಮಾಡಿ, ವರ್ಕ್‌ಶಾಪಿಗೆ 10 ದಿನ ಇರೋ ಹೊತ್ತಿಗೆ 8 ಜನ ಆಗ್ದಿದ್ರೆ ಕ್ಯಾನ್ಸಲ್, ಪೂರ್ತಿ ದುಡ್ಡು ವಾಪಸ್ ಅಂತ ಟಿಕೆಟ್ ಪುಟದಲ್ಲೇ ಬರೆದಿದ್ಳು. 8 ಜನಕ್ಕೆ ಗಂಟೆಗೆ 16ರ ಹತ್ರ ಬೀಳತ್ತೆ, ಮೊದಲ ಸಲ ಅಷ್ಟು ಕಮ್ಮಿ ಆದ್ರೂ ಪರ್ವಾಗಿಲ್ಲ ಅನ್ನೋ ಲೆಕ್ಕ. 48 ಗಂಟೆ ಮುಂಚೆವರೆಗೆ ಕೇಳಿದ್ರೆ ರೀಫಂಡ್, ಆಮೇಲೆ ರೀಫಂಡ್ ಇಲ್ಲ, ಆದ್ರೆ ತಮ್ಮ ಬದಲು ಬೇರೆಯೋರನ್ನ ಕಳಿಸ್ಬೋದು. ಕೆಲವರು ಆಸಕ್ತಿ ಇದ್ಯಾ ಅಂತ ಪೋಲ್ ಹಾಕಿ ನೋಡ್ತಾರೆ, ಪೋಲಲ್ಲಿ ಹೂಂ ಅನ್ನೋದಕ್ಕೆ ಖರ್ಚಿಲ್ಲ, ಹಾಗಾಗಿ ಅದನ್ನ ನಂಬಿ ತಯಾರಿಗೆ ಇಳಿಯೋದು ಬೇಡ. ಡೆಡ್‌ಲೈನ್ ಹೊತ್ತಿಗೆ 9 ಆಗಿತ್ತು, ಕೊನೇ ವಾರದಲ್ಲಿ ಇನ್ನೂ 5 ಬಂತು, ಒಟ್ಟು 14.

ಟೂಲ್‌ಗಳ ಬಗ್ಗೆ ಜಾಸ್ತಿ ಹೇಳೋದೇನಿಲ್ಲ. ಪೇಮೆಂಟ್ ಲಿಂಕ್ ಒಂದು, ಹೆಸರು ಮೇಲ್ ಐಡಿ ತಗೊಳ್ಳೋಕೆ ಗೂಗಲ್ ಫಾರ್ಮ್ ಒಂದು, ಎಲ್ಲರಿಗೂ ಒಟ್ಟಿಗೆ ಮೇಲ್ ಹಾಕುವಾಗ BCC (ಒಬ್ಬರ ಅಡ್ರೆಸ್ ಇನ್ನೊಬ್ಬರಿಗೆ ಕಾಣಬಾರ್ದು), ಮೀಟಿಂಗಿಗೆ ಝೂಮ್. ಝೂಮಿನ ಫ್ರೀ ಪ್ಲಾನಲ್ಲಿ ಮೀಟಿಂಗ್ 40 ನಿಮಿಷಕ್ಕೆ ಕಟ್ ಆಗತ್ತೆ, ಗೂಗಲ್ ಮೀಟ್ ಫ್ರೀಲಿ 3 ಅಥವಾ ಜಾಸ್ತಿ ಜನ ಇದ್ರೆ 60 ನಿಮಿಷ. ಕಟ್ ಆದಾಗೆಲ್ಲ ಮತ್ತೆ ಸೇರ್ಕೊಂಡ್ರಾಯ್ತು ಅಂತ ಟ್ರಯಲಲ್ಲಿ ಮಾಡಿ ನೋಡಿದ್ವಿ, ಒಬ್ರು ಫಾರ್ಮುಲಾ ಅರ್ಧ ಟೈಪ್ ಮಾಡಿದ್ದಾಗ ಕಟ್ ಆಗಿ, ವಾಪಸ್ ಬಂದು, ಎಲ್ಲಿದ್ವಿ ಅಂತ ಹುಡ್ಕೋದ್ರಲ್ಲೇ 6 ನಿಮಿಷ ಹೋಯ್ತು. ದುಡ್ಡು ಕೊಟ್ಟು ಬಂದೋರಿಗೆ ಹಾಗೆ ಮಾಡೋದು ತಪ್ಪು, ಒಂದೇ ಒಂದು ತಿಂಗಳ ಚಂದಾ ಕಟ್ಟಿ ಮುಗಿದ ಮೇಲೆ ನಿಲ್ಲಿಸಿದ್ರೆ ಸಾಕು. ನನ್ನನ್ನ ಕೋ-ಹೋಸ್ಟ್ ಮಾಡಿದ್ದು ಒಳ್ಳೇದಾಯ್ತು, ಮಧ್ಯಾಹ್ನ ಅವಳ ನೆಟ್ ಹೋದಾಗ ಅವಳು ಫೋನಿನ ಹಾಟ್‌ಸ್ಪಾಟಿಂದ ವಾಪಸ್ ಬರೋವರೆಗೆ ಮೀಟಿಂಗ್ ಹಾಗೇ ನಡೀತಿತ್ತು.

ಆ ದಿನ 14ರಲ್ಲಿ 13 ಜನ ಬಂದ್ರು. ಪ್ರತಿ ಭಾಗದಲ್ಲೂ ಮೊದಲು ಅವಳು ತೋರಿಸೋದು, ಆಮೇಲೆ ಅವರು ಮಾಡೋದು. "ಎಲ್ಲರಿಗೂ ಅರ್ಥ ಆಯ್ತಾ?" ಅಂತ ಕೇಳೋದನ್ನ ಅವಳು ಪೂರ್ತಿ ಬಿಟ್ಟಿದ್ಳು, ಯಾಕಂದ್ರೆ ವೆಬಿನಾರಲ್ಲಿ ಹಾಗೆ ಕೇಳಿದಾಗೆಲ್ಲ ಒಂದೋ ಮೌನ, ಇಲ್ಲ ಅಂದ್ರೆ ಒಬ್ಬರೇ ಹೂಂ ಅನ್ನೋರು. ಇಲ್ಲಿ ಮುಗಿಸಿದೋರು ಚಾಟಲ್ಲಿ 1 ಅಂತ ಹಾಕ್ಬೇಕು, ಸಿಕ್ಕಾಕ್ಕೊಂಡೋರು 2. ನಾನು ಹೆಸರುಗಳ ಪಟ್ಟಿ ಇಟ್ಕೊಂಡು ಟಿಕ್ ಮಾಡ್ತಿದ್ದೆ. ಗಮನಿಸಬೇಕಾಗಿದ್ದು 2 ಹಾಕಿದೋರನ್ನಲ್ಲ, ಏನೂ ಹಾಕ್ದೋರನ್ನ. 5 ನಿಮಿಷ ಕಳೆದ್ರೂ ಏನೂ ಬರ್ಲಿಲ್ಲ ಅಂದ್ರೆ ಅವರು ಕಳೆದುಹೋಗಿದಾರೆ ಅಂತಾನೇ ಅರ್ಥ, ಅವರಿಗೆ ನಾನು ಒಬ್ಬೊಬ್ರಿಗೇ ಪ್ರೈವೇಟ್ ಮೆಸೇಜ್ ಹಾಕ್ತಿದ್ದೆ. ಎಲ್ಲರ ಎದುರು ಕೇಳೋಕೆ ಸಂಕೋಚ ಪಡೋರು ಅಲ್ಲಿ ಬಾಯಿ ಬಿಡ್ತಾರೆ.

ದೊಡ್ಡ ಎಡವಟ್ಟು ಆಗಿದ್ದು ಎರಡನೇ ಭಾಗದಲ್ಲಿ. ಬೆಳಗ್ಗೆ ಎಲ್ಲರಿಗೂ ಗೂಗಲ್ ಶೀಟ್ಸಲ್ಲಿ ತಮ್ಮ ತಮ್ಮ ಖಾಲಿ ಶೀಟ್ ತೆಗೆದು ಬಿಲ್ ತಾರೀಕು ಟೈಪ್ ಮಾಡೋಕೆ ಹೇಳಿದ್ಳು, ತಾವೇ ಮೊದಲಿಂದ ಕಟ್ಟಿದ್ರೆ ಚೆನ್ನಾಗಿ ಕಲೀತಾರೆ ಅಂತ. ಆಮೇಲೆ ಎಷ್ಟು ದಿನ ಆಯ್ತು ಅಂತ ನೋಡೋಕೆ ಈ ಫಾರ್ಮುಲಾ:

```
=TODAY()-C2
```

ಒಂದೇ ಸಲಕ್ಕೆ ಚಾಟಲ್ಲಿ ಐದು 2 ಬಿತ್ತು, ಎಲ್ಲರಿಗೂ `#VALUE!`. ಕಾರಣ ಏನಂದ್ರೆ ಗೂಗಲ್ ಶೀಟ್ಸಲ್ಲಿ ಪ್ರತಿ ಫೈಲಿಗೂ ಒಂದು ಲೊಕೇಲ್ ಇರತ್ತೆ, ತಾರೀಕಲ್ಲಿ ಮೊದಲು ಬರೋದು ದಿನಾನಾ ತಿಂಗಳಾ ಅನ್ನೋದನ್ನ ಅದೇ ತೀರ್ಮಾನ ಮಾಡತ್ತೆ. ತಿಂಗಳು ಮೊದಲು ಬರೋ ಲೊಕೇಲಲ್ಲಿ ಯಾರಾದ್ರೂ 25/03 ಅಂತ ದಿನ ಮೊದಲು ಹಾಕಿ ಟೈಪ್ ಮಾಡಿದ್ರೆ, 25ನೇ ತಿಂಗಳು ಅನ್ನೋದು ಇಲ್ವಲ್ಲ, ಶೀಟ್ ಅದನ್ನ ತಾರೀಕು ಅಂತ ತಗೊಳ್ದೆ ಬರೀ ಅಕ್ಷರ ಅಂತ ಇಟ್ಕೊಳ್ಳತ್ತೆ, ಆಗ ಕಳೆಯೋಕೆ ಹೋದ್ರೆ ಎರರ್. ಅದಾದ್ರೂ ವಾಸಿ, ಕಣ್ಣಿಗೆ ಕಾಣತ್ತೆ. ಅದೇ ಶೀಟಲ್ಲಿ 04/03 ಅಂತ ಹಾಕಿದೋರಿಗೆ ಎರರ್ ಏನೂ ಬರ್ಲಿಲ್ಲ, ಮಾರ್ಚ್ 4 ಹೋಗಿ ಏಪ್ರಿಲ್ 3 ಆಗಿ ಕೂತಿತ್ತು, ದಿನದ ಲೆಕ್ಕ ಒಂದು ತಿಂಗಳು ತಪ್ಪು, ಅವರು ಖುಷಿಯಾಗಿ 1 ಅಂತ ಹಾಕಿದ್ರು.

ಕಂಡುಹಿಡಿಯೋ ಉಪಾಯ ಅವಳಿಗೆ ಗೊತ್ತಿತ್ತು. ಅಲೈನ್‌ಮೆಂಟ್ ಮುಟ್ಟದೇ ಇದ್ರೆ ನಿಜವಾದ ತಾರೀಕು ಸೆಲ್ಲಿನ ಬಲಗಡೆಗೆ ಅಂಟ್ಕೊಳ್ಳತ್ತೆ, ಅಕ್ಷರ ಆಗಿ ಕೂತಿದ್ದು ಎಡಗಡೆಗೆ. ಒಂದೇ ಕಾಲಮ್ಮಲ್ಲಿ ಕೆಲವು ಎಡ ಕೆಲವು ಬಲ ಇದ್ರೆ ಲೊಕೇಲ್ ತಪ್ಪಿದೆ ಅಂತ ಅರ್ಥ, ಬಲಗಡೆ ಇರೋವನ್ನೂ ನಂಬಬಾರ್ದು. `File > Settings` ಒಳಗೆ `Locale` ಬದಲಾಯಿಸಿ, ಆಮೇಲೆ ತಾರೀಕುಗಳನ್ನ ಮತ್ತೆ ಟೈಪ್ ಮಾಡ್ಬೇಕು. ಬರೀ ಸೆಟ್ಟಿಂಗ್ ಬದಲಾಯಿಸಿದ್ರೆ ಆಗಲೇ ಏಪ್ರಿಲ್ 3 ಆಗಿ ಕೂತಿರೋದು ಮಾರ್ಚ್ 4 ಆಗಲ್ಲ, ನೋಡೋಕೆ ಬೇರೆ ಥರ ಕಾಣತ್ತೆ ಅಷ್ಟೇ. ಇದನ್ನೆಲ್ಲ 13 ಜನರ ಹತ್ರ ಮಾಡಿಸೋಕೆ 35 ನಿಮಿಷ ಹೋಯ್ತು, ಆ 150 ನಿಮಿಷದಲ್ಲೇ.

ಅದಕ್ಕೆ ಕೊನೇ ಭಾಗ, ಅಂದ್ರೆ ಬಾಕಿ ದಿನಗಳನ್ನ 30, 60, 90 ಅಂತ ಗುಂಪು ಮಾಡಿ ಬಣ್ಣ ಹಚ್ಚೋದನ್ನ, ಅವಳು ಅಲ್ಲೇ ಕೈಬಿಟ್ಳು. ಹೇಳಿದ್ದು ಪಟ್ಟಿ, ಬಣ್ಣ ಅಲ್ಲ. ಬಣ್ಣದ್ದು ಮಾರನೇ ದಿನ 9 ನಿಮಿಷದ ವಿಡಿಯೋ ಮಾಡಿ ಎಲ್ಲರಿಗೂ ಕಳಿಸಿದ್ಳು. ಎಲ್ಲ ಮುಗಿಸ್ಬೇಕು ಅಂತ ಓಡ್ಸಿದ್ದಿದ್ರೆ 4 ಗಂಟೆಗೆ ಅರ್ಧ ಜನರ ಪಟ್ಟಿ ಅರ್ಧಕ್ಕೇ ನಿಂತಿರೋದು. 13ರಲ್ಲಿ 11 ಜನರ ಪಟ್ಟಿ ಅವತ್ತೇ ಮುಗೀತು. ಉಳಿದ ಇಬ್ರು ಮೊಬೈಲಿಂದ ಬಂದಿದ್ರು, ಅದೇ ಸ್ಕ್ರೀನಲ್ಲಿ ಅವಳನ್ನ ನೋಡಿ ಅದೇ ಸ್ಕ್ರೀನಲ್ಲಿ ಟೈಪ್ ಮಾಡೋದು ಆಗೋ ಮಾತಲ್ಲ, ಅವರಿಗೆ ಆಮೇಲೆ ಬೇರೆ ಟೈಮಲ್ಲಿ ಕೂರಿಸಿ ಮಾಡಿಸಿದ್ಳು. ಲ್ಯಾಪ್‌ಟಾಪ್ ಬೇಕು ಅಂತ ಟಿಕೆಟ್ ಪುಟದಲ್ಲಿ ಬರೀದೇ ಇದ್ದಿದ್ದು ನಮ್ಮ ತಪ್ಪು.

ರೆಕಾರ್ಡಿಂಗ್ ವಿಷಯದಲ್ಲಿ ಒಂದು ಎಚ್ಚರ. ಜನ ಸಹಾಯಕ್ಕೆ ಅಂತ ಸ್ಕ್ರೀನ್ ಶೇರ್ ಮಾಡಿದಾಗ ಅವರ ಗಿರಾಕಿಗಳ ಹೆಸರು, ಬಾಕಿ ಮೊತ್ತ ಎಲ್ಲ ಎಲ್ಲರಿಗೂ ಕಾಣತ್ತೆ. ಅವಳು ತೋರಿಸೋ ಭಾಗ ಮಾತ್ರ ರೆಕಾರ್ಡ್ ಮಾಡಿ, ಸಹಾಯದ ಹೊತ್ತಲ್ಲಿ ಪಾಸ್ ಮಾಡ್ತಿದ್ವಿ, ಗಿರಾಕಿ ಹೆಸರಿನ ಬದಲು ಅ, ಆ, ಇ ಅಂತ ಹಾಕ್ಕೊಳ್ಳಿ ಅಂತ ಬೆಳಗ್ಗೆನೇ ಹೇಳಿದ್ವಿ.

ಕೊನೆಗೆ ದುಡ್ಡು. 48ರದ್ದು 5, 60ರದ್ದು 9, ಒಟ್ಟು 780. ಗೇಟ್‌ವೇ ಮತ್ತೆ ಟೂಲ್ ಕಳೆದ್ರೆ 737ರ ಹತ್ರ. ಗಂಟೆ ಮಾತ್ರ 24 ಅಂದ್ಕೊಂಡಿದ್ದು 31 ಆಯ್ತು, ಟಿಕೆಟ್ ತಗೊಳ್ಳೋ ಮುಂಚೆ ಜನ ಕೇಳೋ ಪ್ರಶ್ನೆಗಳಿಗೆ ಉತ್ತರ ಕೊಡೋ ಟೈಮನ್ನ ಅವಳು ಲೆಕ್ಕಕ್ಕೇ ಹಾಕ್ಕೊಂಡಿರಲಿಲ್ಲ. ಆದ್ರೂ ಗಂಟೆಗೆ 24ರ ಹತ್ರ ಬಂತು. ಆದ್ರೆ ನಾನು ಫ್ರೀಯಾಗಿ ಕೂತಿದ್ದೆ, ನನ್ನ ಒಂದು ದಿನಕ್ಕೆ 90 ಅಂತ ಕೊಟ್ಟಿದ್ರೆ ಅದು 21ಕ್ಕೆ ಇಳೀತಿತ್ತು. ಈ ಥರ ಫ್ರೀಯಾಗಿ ಸಿಗೋ ಸಹಾಯನ ಲೆಕ್ಕದಿಂದ ಬಿಟ್ರೆ ಮುಂದಿನ ಸಲ ಆ ಸಹಾಯ ಸಿಗದೇ ಹೋದಾಗ ಬೆಲೆ ಸಾಲಲ್ಲ.

ಎರಡು ತಿಂಗಳಾದ್ಮೇಲೆ ಅದೇ ವರ್ಕ್‌ಶಾಪ್ ಮತ್ತೆ ಮಾಡಿದ್ಳು. ಈ ಸಲ ಖಾಲಿ ಶೀಟ್ ಇಲ್ಲ, ಲೊಕೇಲ್ ಸರಿ ಮಾಡಿ ಕಾಲಮ್‌ಗಳನ್ನ ಹಾಕಿದ ಒಂದು ಫೈಲ್ ಮಾಡಿ, ಅದರ ಲಿಂಕಿನ ಕೊನೇಲಿ ಇರೋ `/edit` ತೆಗೆದು `/copy` ಹಾಕಿ ಕಳಿಸಿದ್ಳು. ಆ ಲಿಂಕ್ ಒತ್ತಿದ್ರೆ ಕಾಪಿ ಮಾಡ್ಕೊಳ್ತೀರಾ ಅಂತ ಕೇಳತ್ತೆ, ಒಪ್ಕೊಂಡ್ರೆ ಅವರದ್ದೇ ಸ್ವಂತ ಫೈಲ್, ಲೊಕೇಲ್ ಸಮೇತ. ಎರಡು ದಿನ ಮುಂಚೆ ಕಳಿಸಿ, ಒಂದೇ ಒಂದು ಬಿಲ್ಲಿನ ತಾರೀಕು ಹಾಕಿ ಸ್ಕ್ರೀನ್‌ಶಾಟ್ ಕಳಿಸಿ ಅಂತ ಹೇಳಿದ್ಳು. ಯಾರು ಮೊಬೈಲಲ್ಲಿ ಇದಾರೆ, ಯಾರಿಗೆ ಗೂಗಲ್ ಅಕೌಂಟ್ ಪಾಸ್‌ವರ್ಡೇ ನೆನಪಿಲ್ಲ ಎಲ್ಲ ಆ ಸ್ಕ್ರೀನ್‌ಶಾಟಲ್ಲೇ ಗೊತ್ತಾಗೋಯ್ತು. ಟಿಕೆಟ್ 75, ಕಮ್ಮಿ ಬೆಲೆ ಸೀಟ್ ಇಲ್ಲ, 12 ಜನ ತಗೊಂಡ್ರು. ನನಗೂ 90 ಕೊಟ್ಳು. ಎಲ್ಲ ಕಳೆದು 763 ಉಳೀತು, ತಯಾರಿ ಮೊದಲೇ ಆಗಿದ್ರಿಂದ ಒಟ್ಟು 16 ಗಂಟೆ, ಗಂಟೆಗೆ 47ಕ್ಕಿಂತ ಜಾಸ್ತಿ. ಒಂದು ದಿನದ ವರ್ಕ್‌ಶಾಪಲ್ಲಿ ದುಡ್ಡು ಸಿಗೋದು ಎರಡನೇ ಸಲದಿಂದ, ಒಂದೇ ಸಲ ಮಾಡಿ ಬಿಡೋ ಟಾಪಿಕ್ ಆದ್ರೆ ಆ ಒಂದೇ ಸಲದ ಟಿಕೆಟ್‌ಗಳಲ್ಲೇ ಪೂರ್ತಿ ತಯಾರಿ ಖರ್ಚು ಬರೋ ಹಾಗೆ ಬೆಲೆ ಇಡ್ಬೇಕು.

ಮುಗಿದು 10 ದಿನಕ್ಕೆ ಎಲ್ಲರನ್ನೂ 45 ನಿಮಿಷ ಕರೆದು ಪ್ರಶ್ನೆ ಕೇಳೋಕೆ ಬಿಟ್ಳು. ಬಂದಿದ್ದು 9 ಜನ. ಅದರಲ್ಲಿ 6 ಜನ ಕೇಳಿದ್ದು ಶೀಟಿನ ಬಗ್ಗೆ ಅಲ್ವೇ ಅಲ್ಲ, "ಪಟ್ಟಿ ಏನೋ ಆಯ್ತು ಮೇಡಂ, ಈಗ ಇವರಿಗೆ ದುಡ್ಡು ಕೊಡಿ ಅಂತ ಬೇಜಾರಾಗದ ಹಾಗೆ ಬರೆಯೋದು ಹೇಗೆ?" ಅಂತ. ಅವಳು ಆ ಪ್ರಶ್ನೆಗಳನ್ನ ಅವರ ಮಾತಲ್ಲೇ ಹಳೇ ಶೀಟಿನ 44ನೇ ಸಾಲಿಂದ ಬರೀತಾ ಹೋಗಿದಾಳೆ.